ಎರಡು ಅಕ್ಷರ ತಿದ್ದಿಸಲು ಒಂದು ಪತ್ರ

ಆಧಾರ್‌ ಮತ್ತು ಪ್ಯಾನ್‌ ಕಾರ್ಡಿನಲ್ಲಿ SAVITHRAMMA, ಪಾಸ್‌ಬುಕ್ಕಿನಲ್ಲಿ ಮಾತ್ರ SAVITRAMA. ಕನ್ನಡದಲ್ಲಿ ಓದಿದರೆ ಎರಡೂ ಸಾವಿತ್ರಮ್ಮನೇ. ಆದರೆ ಹೆಸರನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಕಡೆ ಕೆಲಸ ನಿಂತುಹೋಗಬಹುದು.

ಶಾಖಾ ವ್ಯವಸ್ಥಾಪಕರಿಗೆ ಬರೆಯುವ ಪತ್ರದಲ್ಲಿ ಮುಖ್ಯವಾದದ್ದು ಎರಡೇ ಸಾಲು: ‘ನನ್ನ ಉಳಿತಾಯ ಖಾತೆಯಲ್ಲಿ ಹೆಸರು SAVITRAMA ಎಂದು ತಪ್ಪಾಗಿ ನಮೂದಾಗಿದೆ. ಲಗತ್ತಿಸಿರುವ ಆಧಾರ್‌, ಪ್ಯಾನ್‌ ಪ್ರತಿಗಳಲ್ಲಿರುವಂತೆ SAVITHRAMMA ಎಂದು ತಿದ್ದಿಕೊಡಬೇಕಾಗಿ ಕೋರುತ್ತೇನೆ.’ ಹೆಸರನ್ನು ಇಂಗ್ಲಿಷ್‌ ದೊಡ್ಡಕ್ಷರಗಳಲ್ಲೇ ಬರೆಯಿರಿ. ಕನ್ನಡದಲ್ಲಷ್ಟೇ ಬರೆದರೆ ತಪ್ಪು ಎಲ್ಲಿದೆಯೆಂದೇ ಕಾಣುವುದಿಲ್ಲ. ಮೇಲೆ ಖಾತೆ ಸಂಖ್ಯೆ, ಕೆಳಗೆ ವಿಳಾಸ, ಮೊಬೈಲ್‌ ಸಂಖ್ಯೆ, ದಿನಾಂಕ ಇರಲಿ.

ಅನೇಕರು ಎಡವುವುದು ಸಹಿಯಲ್ಲಿ. ಖಾತೆ ತೆರೆದಾಗ ಕೊಟ್ಟ ಮಾದರಿ ಸಹಿಯನ್ನೇ ಪತ್ರಕ್ಕೂ ಹಾಕಬೇಕು, ಪ್ರತಿಗಳ ಮೇಲೂ ಹಾಕಬೇಕು. ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯನ್ನೂ ಸೇರಿಸಿ, ಮೂಲ ದಾಖಲೆಗಳನ್ನು ತೋರಿಸಲು ಕೈಯಲ್ಲಿ ಒಯ್ಯಿರಿ, ಅಲ್ಲಿ ಬಿಟ್ಟು ಬರಬೇಡಿ. ಕೆಲವು ಶಾಖೆಗಳು ಪತ್ರದ ಜೊತೆ ತಮ್ಮದೇ ನಮೂನೆಯನ್ನೂ ತುಂಬಿಸುತ್ತವೆ.

ಆಧಾರ್‌ ಮತ್ತು ಪ್ಯಾನ್‌ನಲ್ಲೇ ಹೆಸರು ಬೇರೆ ಬೇರೆಯಾಗಿದ್ದರೆ ಮೊದಲು ಅವನ್ನು ಸರಿಪಡಿಸಿಕೊಳ್ಳುವುದೇ ಒಳ್ಳೆಯದು. ಮದುವೆಯ ನಂತರ ಬದಲಾದ ಹೆಸರಿಗೆ ಇಷ್ಟು ಸಾಲದು. ಅದು ಕಾಗುಣಿತದ ತಿದ್ದುಪಡಿಯಲ್ಲ, ವಿವಾಹ ನೋಂದಣಿ ಪತ್ರದಂಥ ಪುರಾವೆ ಬೇಕಾಗುತ್ತದೆ.

ಪತ್ರದ ಇನ್ನೊಂದು ಪ್ರತಿಯ ಮೇಲೆ ಬ್ಯಾಂಕಿನ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹೆಸರು ಸರಿಯಾದ ಮೇಲೆ ಹೊಸ ಪಾಸ್‌ಬುಕ್‌ ಕೇಳಿ, ಚೆಕ್‌ಬುಕ್‌ ಮತ್ತು ಎಟಿಎಂ ಕಾರ್ಡಿನಲ್ಲಿ ಹಳೆಯ ಹೆಸರೇ ಉಳಿದಿದೆಯೇ ನೋಡಿಕೊಳ್ಳಿ.