ಸಿಮ್ ಸತ್ತ ಮೇಲೂ ವಾಟ್ಸ್ಆ್ಯಪ್ ನಡೀತದ, ಎಚ್ಚರ!

ಹೈನುಗಾರ ಸಹೋದರಿಯರೇ,

ನಿಮ್ಮ ಮೊಬೈಲಿನಲ್ಲಿ ಎರಡು ಸಿಮ್ ಇವೆ ಎಂದುಕೊಳ್ಳಿ. ಹಳೆಯದು ನೀವು ಮೊದಲ ಸಲ ಫೋನು ತಗೊಂಡಾಗ ಬಂದದ್ದು. ಡೇರಿಯಲ್ಲಿ, ಬ್ಯಾಂಕಿನಲ್ಲಿ, ತವರುಮನೆಯಲ್ಲಿ, ಎಲ್ಲೆಡೆ ಕೊಟ್ಟದ್ದು ಅದೇ ನಂಬರು. ಎರಡೂ ಸಿಮ್‌ಗೆ ರೀಚಾರ್ಜ್ ಹಾಕುವುದು ದುಬಾರಿ ಎಂದು ಮಗ ಹೊಸದಕ್ಕೆ ಮಾತ್ರ ಹಾಕುತ್ತಾನೆ. ಹಳೆಯದು ಹಾಗೇ ಬಂದ್ ಬೀಳುತ್ತದೆ. ಆದರೂ ನಿಮ್ಮ ವಾಟ್ಸ್ಆ್ಯಪ್ ನಡೆಯುತ್ತಲೇ ಇರುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಇಂಟರ್ನೆಟ್ಟು ಹೊಸ ಸಿಮ್ಮಿನಿಂದ ಬರುತ್ತಿದೆ. ಸಂಘದ ಗುಂಪಿನಲ್ಲಿ ಸಂದೇಶ ಬರುತ್ತವೆ, ನೀವೂ ಕಳಿಸುತ್ತೀರಿ. ಏನೂ ಬದಲಾಗಿಲ್ಲ ಎಂದೇ ಅನಿಸುತ್ತದೆ.

ಆದರೆ ವಾಟ್ಸ್ಆ್ಯಪ್ ಖಾತೆ ಇನ್ನೂ ಆ ಹಳೆಯ ನಂಬರಿನ ಹೆಸರಿನಲ್ಲೇ ಇದೆ. ಆ ನಂಬರು ನಿಮ್ಮ ಕೈತಪ್ಪಿ ಹೊರಟಿದೆ.

ಫೋನ್ ನಂಬರು ಲಾವಣಿ ಮಾಡಿದ ಹೊಲ ಇದ್ದಂತೆ. ನಡೆಸುವತನಕ ನಿಮ್ಮದು, ಬಿಟ್ಟರೆ ಇನ್ನೊಬ್ಬರಿಗೆ. ಪ್ರೀಪೇಯ್ಡ್ ಸಿಮ್ಮಿನಿಂದ 90 ದಿನ ಕರೆ, ಸಂದೇಶ, ಇಂಟರ್ನೆಟ್ ಯಾವುದೂ ನಡೆಯದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ಬಂದ್ ಆದ ಮೇಲೆ ಕನಿಷ್ಠ 90 ದಿನ ಆ ನಂಬರನ್ನು ಯಾರಿಗೂ ಕೊಡುವಂತಿಲ್ಲ. ಆಮೇಲೆ ಕೊಡಬಹುದು.

ಲೆಕ್ಕ ಹಾಕಿ ನೋಡೋಣ. ಜೂನ್ 1ಕ್ಕೆ ನಿಮ್ಮ ಹಳೆಯ ಸಿಮ್ಮಿನಿಂದ ಕೊನೆಯ ಕರೆ ಹೋಯಿತು, ಬ್ಯಾಲೆನ್ಸ್ ಏನೂ ಇಲ್ಲ. ಆಗಸ್ಟ್ 30ಕ್ಕೆ 90 ದಿನ ತುಂಬಿ ಸಿಮ್ ಬಂದ್ ಆಯಿತು. ನವೆಂಬರ್ 28ಕ್ಕೆ ಮತ್ತೆ 90 ದಿನ ತುಂಬಿತು. ಅಂದರೆ ಮುಂಗಾರಿನಲ್ಲಿ ಬಿಟ್ಟ ನಂಬರು ಕಬ್ಬು ಕಡಿಯುವ ಹೊತ್ತಿಗೆ ಗುರುತಿಲ್ಲದ ಯಾರದೋ ಜೇಬಿನಲ್ಲಿರಬಹುದು.

ಆ ಮನುಷ್ಯ ತನ್ನ ಹೊಸ ನಂಬರಿನಲ್ಲಿ ವಾಟ್ಸ್ಆ್ಯಪ್ ತೆರೆಯುತ್ತಾನೆ. ಓಟಿಪಿ ಅವನಿಗೇ ಬರುತ್ತದೆ. ಆ ಕ್ಷಣಕ್ಕೆ ನಿಮ್ಮ ಮೊಬೈಲಿನಲ್ಲಿ ವಾಟ್ಸ್ಆ್ಯಪ್ ಮುಚ್ಚಿಕೊಳ್ಳುತ್ತದೆ.

ಅವನಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ನೀವು ಹಿಂದೆ ಬರೆದ ಮಾತು, ಕಳಿಸಿದ ಫೋಟೊ ಅವನಿಗೆ ಸಿಗುವುದಿಲ್ಲ. ಅವು ನಿಮ್ಮ ಮೊಬೈಲಿನಲ್ಲಿವೆ, ಬ್ಯಾಕಪ್ ಇಟ್ಟಿದ್ದರೆ ನಿಮ್ಮ ಗೂಗಲ್ ಖಾತೆಯಲ್ಲಿವೆ. ಬರೇ ನಂಬರಿನಿಂದ ಅವು ತೆರೆಯುವುದಿಲ್ಲ. ಆದರೆ ಖಾತೆ ಅಲ್ಲಿಯವರೆಗೆ ಚಾಲೂ ಇದ್ದುದರಿಂದ, ನೀವು ಇದ್ದ ಗುಂಪುಗಳಲ್ಲಿ ಈಗ ಅವನು ಇರುತ್ತಾನೆ. ಗುಂಪಿನ ಸದಸ್ಯೆಯರ ನಂಬರು ಕಾಣುತ್ತವೆ, ಅಂದಿನಿಂದ ಬರುವ ಸಂದೇಶವೆಲ್ಲ ಅವನಿಗೂ ಬರುತ್ತವೆ.

ಇನ್ನು 45 ದಿನಕ್ಕಿಂತ ಹೆಚ್ಚು ವಾಟ್ಸ್ಆ್ಯಪ್ ಬಳಸದೇ ಬಿಟ್ಟ ಖಾತೆ ಇದ್ದರೆ ಮಾತು ಬೇರೆ. ಆ ನಂಬರು ಬೇರೆ ಮೊಬೈಲಿನಲ್ಲಿ ತೆರೆದಾಗ ಅದು ಹೊಸಬರಿಗೆ ಹೋಗಿದೆ ಎಂದು ವಾಟ್ಸ್ಆ್ಯಪ್ ತಿಳಿದು, ನಿಮ್ಮ ಫೋಟೊದಂಥ ಹಳೆಯ ವಿವರ ಅಳಿಸಿಹಾಕುತ್ತದೆ. ಹಾಗಾಗಿ ಹೆಚ್ಚು ಅಪಾಯ ಇರುವುದು ಪೂರ್ತಿ ಬಿಟ್ಟವರಿಗಲ್ಲ, ಸಿಮ್ ಸತ್ತರೂ ವಾಟ್ಸ್ಆ್ಯಪ್ ನಡೆಸುತ್ತಿರುವವರಿಗೆ.

ಎರಡೂ ಸಂದರ್ಭದಲ್ಲಿ ಒಂದು ಮಾತ್ರ ಉಳಿದೇ ಉಳಿಯುತ್ತದೆ. ಅದು ಬೇರೆಯವರ ಮೊಬೈಲಿನಲ್ಲಿರುವ ನಿಮ್ಮ ಹೆಸರು. ತಂಗಿಯ ಮೊಬೈಲಿನಲ್ಲಿ ಆ ನಂಬರು ಇಂದಿಗೂ 'ಅಕ್ಕ'. ನಿಮ್ಮೊಂದಿಗೆ ಆಡಿದ ಹಳೆಯ ಮಾತೂ ಅಲ್ಲೇ ಇದೆ. ಅದರ ಕೆಳಗೇ ಆಕೆ ಪಾಸ್‌ಬುಕ್ಕಿನ ಫೋಟೊ ಹಾಕಿ, 'ಅಕ್ಕಾ, ರೊಕ್ಕ ಇದಕ್ಕ ಹಾಕು' ಎಂದು ಬರೆಯುತ್ತಾಳೆ. ಅದು ಹೋಗುವುದು ಅಪರಿಚಿತನಿಗೆ. ಅವನು ಒಳ್ಳೆಯವನಾದರೆ 'ಯಾರ್ರೀ ನೀವು?' ಎಂದು ಕೇಳುತ್ತಾನೆ. ಕೆಟ್ಟವನಾದರೆ ಅಕ್ಕನಾಗಿಯೇ ಉತ್ತರ ಕೊಟ್ಟು ದುಡ್ಡು ಕೇಳುತ್ತಾನೆ.

ತಂಗಿಗೆ ಇದು ಗೊತ್ತಾಗುವ ಗುರುತುಗಳಿವೆ. ಬಹಳ ದಿನ ಒಂದೇ ಗೀಟು ತೋರಿಸುತ್ತಿದ್ದ ಸಂದೇಶಗಳಿಗೆ ಒಮ್ಮೆಲೇ ಎರಡು ಗೀಟು ಬೀಳತೊಡಗುತ್ತವೆ. ನಿಮ್ಮ ಫೋಟೊ ಹೋಗಿ ಬೇರೆ ಮುಖ ಬರುತ್ತದೆ. ಸೆಕ್ಯುರಿಟಿ ಕೋಡ್ ಬದಲಾಗಿದೆ ಎಂಬ ಸಣ್ಣ ಸಾಲು ಮಾತಿನ ನಡುವೆ ಕಾಣಿಸಬಹುದು. ಹೊಸ ಮೊಬೈಲ್ ತಗೊಂಡರೂ ಆ ಸಾಲು ಬರುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ. ಕರೆ ಮಾಡಿ ಧ್ವನಿ ಕೇಳಿ.

ಈ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಬಂದ್ ಆದ ನಂಬರನ್ನು ಬೇರೆಯವರಿಗೆ ಕೊಡಬಾರದು ಎಂಬ ಅರ್ಜಿಯನ್ನು 2023ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಸಂಜೀವ್ ಖನ್ನಾ ಮತ್ತು ಎಸ್.ವಿ.ಎನ್. ಭಟ್ಟಿ ಅವರ ಪೀಠ ಕೇಳಿತು. 90 ದಿನದ ನಿಯಮವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅಲ್ಲಿ ತಿಳಿಸಿತು. ನಂಬರು ಬಿಡುವ ಮೊದಲು ವಾಟ್ಸ್ಆ್ಯಪ್ ಖಾತೆ ಅಳಿಸಿ ತನ್ನ ಗುಟ್ಟು ಕಾಯ್ದುಕೊಳ್ಳುವ ಹೊಣೆ ಹಳೆಯ ಗ್ರಾಹಕರದೇ ಎಂದು ಕೋರ್ಟ್ ಹೇಳಿತು. ಅಂದರೆ ಕೆಲಸ ನಮ್ಮದೇ.

ಬ್ಯಾಂಕುಗಳಿಗಾದರೆ ಬಂದ್ ಆದ ನಂಬರುಗಳ ಪಟ್ಟಿ ಇದೆ. ಅದನ್ನು ನೋಡಿ ಖಾತೆಗಳ ನಂಬರು ಸರಿಪಡಿಸಿಕೊಳ್ಳಿ ಎಂದು 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಆದರೆ ಹಾಲಿನ ಸಂಘದ ಗುಂಪಿಗೆ, ಸ್ತ್ರೀಶಕ್ತಿ ಗುಂಪಿಗೆ ಅಂಥ ಪಟ್ಟಿ ಇಲ್ಲ. ಅಲ್ಲಿ ನೀವೇ ಹೇಳಬೇಕು.

ಮಾಡಬೇಕಾದ್ದು ಇಷ್ಟು

ಹಳೆಯ ಸಿಮ್ ಸತ್ತಿದ್ದರೂ ಅದರ ವಾಟ್ಸ್ಆ್ಯಪ್ ನಿಮ್ಮ ಮೊಬೈಲಿನಲ್ಲಿ ಇನ್ನೂ ತೆರೆಯುತ್ತಿದೆಯೇ? ಹಾಗಿದ್ದರೆ ಹೊತ್ತು ಮೀರಿಲ್ಲ. ವಾಟ್ಸ್ಆ್ಯಪ್‌ನಲ್ಲಿ Settings ಒತ್ತಿ, Account ಒಳಗೆ ಹೋಗಿ, Change number ಆರಿಸಿ. ಮೇಲೆ ಹಳೆಯ ನಂಬರು, ಕೆಳಗೆ ಹೊಸ ನಂಬರು ಬರೆಯಿರಿ. ಓಟಿಪಿ ಹೊಸ ಸಿಮ್‌ಗೆ ಬರುತ್ತದೆ, ಹಳೆಯದಕ್ಕಲ್ಲ. ಗುಂಪುಗಳೆಲ್ಲ ಹೊಸ ನಂಬರಿಗೆ ಬರುತ್ತವೆ, ನಂಬರು ಬದಲಾದದ್ದು ಗುಂಪಿನವರಿಗೆ ತಾನೇ ತಿಳಿಯುತ್ತದೆ, ಹಳೆಯ ನಂಬರಿನ ಖಾತೆ ಅಳಿಯುತ್ತದೆ. ಉಳಿದವರಿಗೂ ತಿಳಿಸಲೇ ಎಂದು ಅದು ಕೇಳಿದಾಗ ಹೌದೆನ್ನಿ. ವಾಟ್ಸ್ಆ್ಯಪ್ಪೇ ಬೇಡವೆಂದರೆ Account ಒಳಗೇ Delete account ಇದೆ.

ಟೆಲಿಗ್ರಾಂ ಬಳಸುವವರು ಇನ್ನೂ ಜಾಗ್ರತೆ ವಹಿಸಬೇಕು. ಅದರಲ್ಲಿ ಹಳೆಯ ಮಾತುಗಳು ಕಂಪನಿಯ ಕಂಪ್ಯೂಟರಿನಲ್ಲೇ ಇರುತ್ತವೆ. ಹೊಸಬರು ಆ ನಂಬರಿನಿಂದ ಒಳಹೊಕ್ಕರೆ, ನೀವು ಬೇರೆ ಪಾಸ್‌ವರ್ಡ್ ಇಟ್ಟಿರದಿದ್ದರೆ, ಹಳೆಯದೂ ಕಾಣಬಹುದು. ಅಲ್ಲೂ ನಂಬರು ಬದಲಿಸಿ.

ನಂಬರು ಈಗಾಗಲೇ ಬೇರೆಯವರಿಗೆ ಹೋಗಿದ್ದರೆ ಮೊದಲು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ, ಹಾಲಿನ ಬಿಲ್ಲು ಜಮೆಯಾಗುವ ಖಾತೆಗೆ ಹೊಸ ನಂಬರು ಕೊಡಿ. ಆಮೇಲೆ ಆಧಾರ್ ಕೇಂದ್ರ. ಗುಂಪಿನ ಅಡ್ಮಿನ್‌ಗೆ ಹೇಳಿ ಹಳೆಯ ನಂಬರು ತೆಗೆಸಿ. ತವರಿನವರಿಗೆ, ನೆರೆಯವರಿಗೆ ಹೊಸ ನಂಬರಿನಿಂದ ಕರೆ ಮಾಡಿ, ಹಳೆಯದನ್ನು ಅವರ ಮೊಬೈಲಿನಿಂದ ಅಳಿಸಲು ಹೇಳಿ.

ನಿಮಗೇ ಬಂದ ಹೊಸ ನಂಬರು ಹಿಂದೆ ಇನ್ನೊಬ್ಬರದಾಗಿದ್ದರೆ? 'ಅವ್ವಾ, ಊಟ ಆತೇನ?' ಎಂದು ಗುರುತಿಲ್ಲದ ಸಂದೇಶ ಬಂದರೆ, 'ಈ ನಂಬರು ಈಗ ನನ್ನದು' ಎಂದು ಒಂದು ಸಾಲು ಬರೆದು ತಿಳಿಸಿ, ಅವರ ಗುಂಪಿನಿಂದ ಹೊರಬನ್ನಿ. ಎಲ್ಲೋ ಒಬ್ಬ ಮಗಳು ಉತ್ತರಕ್ಕಾಗಿ ಕಾಯುತ್ತಿರುತ್ತಾಳೆ.

ನಾಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯವರ ವಹಿಯಲ್ಲಿ ನಿಮ್ಮ ಹೆಸರಿನ ಮುಂದಿರುವ ನಂಬರು ಯಾವುದೆಂದು ಒಮ್ಮೆ ಕೇಳಿ ನೋಡಿ.