ಬೆಲೂನು ಮತ್ತು ಬಾಣ



ಶಾಲೆಯ ವಿಜ್ಞಾನ ದಿನದಂದು ನಾನು ಕೈಗೆತ್ತಿಕೊಂಡ ಸಾಮಗ್ರಿ ಅತ್ಯಲ್ಪವಾದದ್ದು. ಜಾತ್ರೆಯಲ್ಲಿ ಮಾರುವಂಥ ಒಂದು ರಬ್ಬರಿನ ಬೆಲೂನು, ಐದಾರು ಮೀಟರು ನಯವಾದ ದಾರ, ಪರಂಗಿ ಎಲೆಯ ಒಣಗಿದ ದಂಟಿನಿಂದ ಕೊಯ್ದ ಬೆರಳುದ್ದದ ಒಂದು ಕೊಳವೆ, ಸ್ವಲ್ಪ ಅಂಟುಕಾಗದ, ಇಷ್ಟೆ. ದಂಟಿನ ಕೊಳವೆಯನ್ನು ಬೆಲೂನಿನ ಬಾಯಿಗೆ ಸೇರಿಸಿ ಬಿಗಿಯಾಗಿ ಕಟ್ಟಿದೆವು. ಕಾಗದವನ್ನು ಸುರುಳಿ ಸುತ್ತಿ ಮಾಡಿದ ಇನ್ನೊಂದು ನಳಿಗೆಯೊಳಗೆ ದಾರವನ್ನು ತೂರಿಸಿ, ಆ ದಾರವನ್ನು ಕೊಠಡಿಯ ಎರಡು ಗೋಡೆಗಳ ನಡುವೆ ಸೆಟೆದು ಬಿಗಿದೆವು. ಊದಿದ ಬೆಲೂನನ್ನು ಆ ನಳಿಗೆಗೆ ಅಂಟಿಸಿ, ಬಾಯಿಯನ್ನು ಒತ್ತಿ ಹಿಡಿದ ಬೆರಳನ್ನು ತೆಗೆದೊಡನೆಯೇ ಅದು ಸುಯ್ಯೆಂದು ದಾರದುದ್ದಕ್ಕೂ ಓಡಿ ಎದುರು ಗೋಡೆಗೆ ಬಡಿಯಿತು.

ಮಕ್ಕಳೆಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಹಿಂದಿನ ಸಾಲಿನ ಒಬ್ಬ ಬಾಲಿಕೆ ಎದ್ದು ನಿಂತು, “ಮೇಷ್ಟರೇ, ಒಳಗಿನ ಗಾಳಿಯು ಹೊರಗೆ ಬಂದು ಹಿಂದಿರುವ ಗಾಳಿಯನ್ನು ಒದೆಯುತ್ತದೆ, ಅದಕ್ಕಾಗಿ ತಾನೇ ಬೆಲೂನು ಮುಂದೆ ಹೋಗುವುದು?” ಎಂದು ಕೇಳಿದಳು. ಅವಳ ಪಕ್ಕದಲ್ಲಿ ಕುಳಿತಿದ್ದವರು ಹೌದೆಂದು ತಲೆಯಾಡಿಸಿದರು. ಇಂದಿನ ಭಾಷಣವೆಲ್ಲವೂ ಆ ಒಂದು ಪ್ರಶ್ನೆಗೆ ಉತ್ತರವೆಂದು ತಿಳಿಯಬಹುದು.

ಬಾಯಿ ಕಟ್ಟಿದ ಬೆಲೂನನ್ನು ಮೊದಲು ನೋಡೋಣ. ಒಳಗಿನ ಗಾಳಿಯು ರಬ್ಬರಿನ ಗೋಡೆಯನ್ನು ಎಲ್ಲ ಕಡೆಗೂ ಒತ್ತುತ್ತಲೇ ಇರುತ್ತದೆ. ಮುಂದಿನ ಗೋಡೆಯ ಮೇಲಿನ ಒತ್ತಡಕ್ಕೆ ಹಿಂದಿನ ಗೋಡೆಯ ಮೇಲಿನ ಒತ್ತಡವು ಸರಿಸಾಟಿ. ಎಡಕ್ಕೆ ಬಲವು ಸರಿಸಾಟಿ. ಆದ್ದರಿಂದ ಅದು ಇದ್ದಲ್ಲಿಯೇ ಇರುತ್ತದೆ. ಈಗ ಹಿಂದಿನ ಬಾಯಿಯನ್ನು ತೆರೆದರೆ, ಅಲ್ಲಿ ಒತ್ತಿಸಿಕೊಳ್ಳಲು ಗೋಡೆಯೇ ಇಲ್ಲ. ಗಾಳಿಯು ಅಲ್ಲಿಂದ ನುಗ್ಗಿಹೋಗುತ್ತದೆ. ಎದುರಿಗಿರುವ ಮುಂದಿನ ಗೋಡೆಯ ಮೇಲಾದರೋ ಒತ್ತಡವು ಹಾಗೆಯೇ ಇದೆ. ಅದನ್ನು ಸರಿದೂಗಿಸತಕ್ಕದ್ದು ಇಲ್ಲವಾಯಿತು. ಬೆಲೂನನ್ನು ಮುಂದಕ್ಕೆ ನೂಕುವುದು ಅದರ ಒಡಲೊಳಗಿರುವ ಗಾಳಿಯೇ ಹೊರತು ಹೊರಗಿನ ಗಾಳಿಯಲ್ಲ.

ನ್ಯೂಟನ್ ಮಹಾಶಯನು 1687ನೆಯ ಇಸವಿಯಲ್ಲಿ ಪ್ರಕಟಿಸಿದ ಮೂರನೆಯ ನಿಯಮವು ಇದನ್ನೇ ಹೇಳುತ್ತದೆ. ಒಂದು ವಸ್ತುವು ಮತ್ತೊಂದನ್ನು ಎಷ್ಟು ಬಲದಿಂದ ನೂಕುವುದೋ, ಆ ಮತ್ತೊಂದು ಮೊದಲಿನದನ್ನು ಅಷ್ಟೇ ಬಲದಿಂದ ಎದುರು ದಿಕ್ಕಿಗೆ ನೂಕುತ್ತದೆ. ಕಾವೇರಿಯಲ್ಲಿ ಹರಿಗೋಲಿನಿಂದ ದಡಕ್ಕೆ ಹಾರಿದವರಿಗೆ ಇದು ಮೈಗೆ ಗೊತ್ತು: ಇವರು ಮುಂದಕ್ಕೆ ಹಾರಿದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಎಚ್ಚರವಿಲ್ಲದವನು ದಡಕ್ಕೂ ಹರಿಗೋಲಿಗೂ ನಡುವೆ ನೀರಿನಲ್ಲಿ ನಿಲ್ಲುತ್ತಾನೆ.

ಕ್ರಿಯೆ ಪ್ರತಿಕ್ರಿಯೆಗಳು ಸಮವಾಗಿದ್ದರೆ ಒಂದನ್ನೊಂದು ಕಳೆದುಕೊಂಡು ಶೂನ್ಯವಾಗಬೇಕಲ್ಲವೆ ಎಂಬ ಸಂದೇಹವು ಜಾಣ ಹುಡುಗರಿಗೇ ಹೆಚ್ಚಾಗಿ ಬರುತ್ತದೆ. ಅವು ಒಂದೇ ವಸ್ತುವಿನ ಮೇಲೆ ಬಿದ್ದಿದ್ದರೆ ಹಾಗೆಯೇ ಆಗುತ್ತಿತ್ತು. ಆದರೆ ಒಂದು ಬಲವು ಗಾಳಿಯ ಮೇಲೆ ಬೀಳುತ್ತದೆ, ಇನ್ನೊಂದು ಬೆಲೂನಿನ ಮೇಲೆ. ಇದನ್ನು ಕಣ್ಣಾರೆ ಕಾಣಬೇಕೆಂದಿದ್ದರೆ, ಬಿರಡೆಗಳ ಗಾಲಿ ಹೂಡಿದ ಹಗುರವಾದ ಒಂದು ರಟ್ಟಿನ ಗಾಡಿಯ ಮೇಲೆ ಬೆಲೂನನ್ನು ಕಟ್ಟಿರಿ, ಗಾಡಿಯು ಓಡುತ್ತದೆ. ಬಳಿಕ ಬೆಲೂನಿನ ಬಾಯಿಂದ ಒಂದು ಗೇಣು ಹಿಂದಕ್ಕೆ ಅಗಲವಾದ ಒಂದು ರಟ್ಟನ್ನು ಅದೇ ಗಾಡಿಗೆ ಸೇರಿಸಿ ನೆಟ್ಟಗೆ ನಿಲ್ಲಿಸಿರಿ. ಈಗ ಬೆಲೂನನ್ನು ಬಿಟ್ಟರೆ ಗಾಡಿಯು ಹೆಚ್ಚುಕಡಿಮೆ ನಿಂತಲ್ಲಿಯೇ ನಿಲ್ಲುತ್ತದೆ. ಏಕೆಂದರೆ ಗಾಳಿಗೆ ಕೊಟ್ಟ ಹಿಂದಿನ ನೂಕನ್ನು ಅದೇ ಗಾಡಿಯ ರಟ್ಟು ಮರಳಿ ಪಡೆದುಕೊಂಡಿತು. ಎರಡು ಬಲಗಳೂ ಒಂದೇ ಗಾಡಿಯ ಮೇಲೆ ಬಿದ್ದವು. ಆ ರಟ್ಟನ್ನು ಕಿತ್ತು ಮೇಜಿನ ಮೇಲೆ ಬೇರೆಯಾಗಿ ನಿಲ್ಲಿಸಿದರೆ ಗಾಡಿಯು ಮೊದಲಿನಂತೆಯೇ ಓಡುವುದು. ಹಿಂದೆ ಒದೆಯುವುದಕ್ಕೆ ಗಟ್ಟಿಯಾದ ರಟ್ಟು ಸಿಕ್ಕಿತೆಂದು ಅದು ಹೆಚ್ಚು ವೇಗವಾಗಿಯೇನೂ ಓಡುವುದಿಲ್ಲ. ನಮ್ಮ ಬಾಲಿಕೆಯು ಇದನ್ನು ನಾಲ್ಕು ಬಾರಿ ಮಾಡಿಸಿ ನೋಡಿದಳು.

ಇನ್ನು ಸ್ವಲ್ಪ ಅಳತೆ. ಅಳತೆಯಿಲ್ಲದಿದ್ದರೆ ಈ ವಾದವು ಅರ್ಧಕ್ಕೇ ನಿಲ್ಲುತ್ತದೆ. ಇಕ್ಕಳದಂತೆ ಬಾಗಿದ ಗಾಜಿನ ಕೊಳವೆಯಲ್ಲಿ ಬಣ್ಣದ ನೀರನ್ನು ತುಂಬಿ, ಅದರ ಒಂದು ತುದಿಗೆ ಊದಿದ ಬೆಲೂನನ್ನು ಕಟ್ಟಿದರೆ, ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರುತ್ತದೆ. ಸಾಮಾನ್ಯವಾದ ಬೆಲೂನಿಗೆ ಎರಡು ಮಟ್ಟಗಳ ಅಂತರವು 25 ಸೆಂಟಿಮೀಟರಿನಷ್ಟಿರುತ್ತದೆ. ನಮ್ಮ ಸುತ್ತಲಿನ ವಾಯುಭಾರವು ಸುಮಾರು 10 ಮೀಟರು ನೀರಿನ ಭಾರಕ್ಕೆ ಸಮವಾದುದರಿಂದ, ಬೆಲೂನಿನೊಳಗಿನ ಹೆಚ್ಚುವರಿ ಒತ್ತಡವು ಅದರ ನಲವತ್ತನೆಯ ಒಂದು ಪಾಲು ಮಾತ್ರ. ಆದರೂ ಅದರ ಪರಿಣಾಮವನ್ನು ನೋಡಿರಿ. ಗಾಳಿಯು ನೀರಿಗಿಂತ ಎಂಟುನೂರು ಪಟ್ಟು ಹಗುರ. 25 ಸೆಂಟಿಮೀಟರು ನೀರಿನ ಬದಲು ಸುಮಾರು 200 ಮೀಟರು ಎತ್ತರದ ಗಾಳಿಯ ಕಂಬವೇ ಬೇಕಾಗುತ್ತದೆ. ಅಷ್ಟು ಎತ್ತರದಿಂದ ತಡೆಯಿಲ್ಲದೆ ಬಿದ್ದ ಕಲ್ಲಿಗೆ ಯಾವ ವೇಗವು ಬರುವುದೋ, ಬೆಲೂನಿನ ಬಾಯಿಂದ ಹೊರಡುವ ಗಾಳಿಗೂ ಅದೇ ವೇಗವಿರುತ್ತದೆ: ಸೆಕೆಂಡಿಗೆ ಸುಮಾರು 60 ಮೀಟರು.

ನಮ್ಮ ದಂಟಿನ ಕೊಳವೆಯ ರಂಧ್ರವು 8 ಮಿಲಿಮೀಟರು ಅಗಲವಾಗಿದ್ದಿತು. ಅದರಿಂದ ಈ ವೇಗದಲ್ಲಿ ಸೆಕೆಂಡಿಗೆ 3 ಲೀಟರು ಗಾಳಿ ಹೋಗುತ್ತದೆ. ಅಂದರೆ 3 ಲೀಟರಿನ ಬೆಲೂನು ಒಂದು ಸೆಕೆಂಡಿನ ಸುಮಾರಿನಲ್ಲಿ ಬರಿದಾಗಬೇಕು. ಆ ಗಾಳಿಯ ತೂಕ ಮೂರೂವರೆ ಗ್ರಾಮಿಗೆ ತುಸು ಹೆಚ್ಚು. ಒಂದು ಸೆಕೆಂಡಿನಲ್ಲಿ ಹೊರಟ ದ್ರವ್ಯವನ್ನು ಅದರ ವೇಗದಿಂದ ಗುಣಿಸಿದರೆ ನೂಕುಬಲವು ದೊರೆಯುತ್ತದೆ. ಹಾಗೆ ಲೆಕ್ಕಹಾಕಿದರೆ ಅದು 22 ಗ್ರಾಮು ತೂಕಕ್ಕೆ ಸಮವಾಗಿದೆ. ರಬ್ಬರು ಮತ್ತು ದಂಟು ಸೇರಿ 4 ಗ್ರಾಮು, ಒಳಗಿನ ಗಾಳಿಯನ್ನು ಕೂಡಿಸಿದರೆ ಒಟ್ಟು ಏಳೂವರೆ ಗ್ರಾಮು. ತನ್ನ ತೂಕದ ಮೂರುಪಟ್ಟು ಬಲದಿಂದ ನೂಕಲ್ಪಟ್ಟ ವಸ್ತುವು ಚಿಮ್ಮಿಹೋಗುವುದರಲ್ಲಿ ಆಶ್ಚರ್ಯವೇನು? ಕೊಳವೆಯಲ್ಲಿ ಗಾಳಿಯು ಉಜ್ಜುವುದರಿಂದ ನಿಜವಾದ ಬಲವು ಇದಕ್ಕಿಂತ ಕೊಂಚ ಕಡಮೆಯಿರುವುದೆಂಬುದನ್ನು ಮರೆಯಬಾರದು.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಬೇರೆ ಯಾವ ತಡೆಯೂ ಇಲ್ಲದಿದ್ದರೆ, ಗಾಳಿಯೆಲ್ಲವೂ ಹೊರಟುಹೋಗುವ ಹೊತ್ತಿಗೆ ಈ ಬೆಲೂನು ಸೆಕೆಂಡಿಗೆ ಹತ್ತಿರ ಹತ್ತಿರ 40 ಮೀಟರು ವೇಗವನ್ನು ಪಡೆದಿರಬೇಕಾಗಿತ್ತು. ಆದರೆ ದಾರದ ಮೇಲೆ ಅದು ಓಡಿದ್ದು ಸೆಕೆಂಡಿಗೆ ಐದು ಮೀಟರಿನ ಸುಮಾರಿನಲ್ಲಿ. ಉಳಿದದ್ದು ಎಲ್ಲಿ ಹೋಯಿತು? ದಾರದ ಉಜ್ಜಾಟವು ಸ್ವಲ್ಪವನ್ನು ನುಂಗಿತು. ಹೆಚ್ಚಿನ ಪಾಲನ್ನು ಕಸಿದುಕೊಂಡದ್ದು ಎದುರಿನ ಗಾಳಿ. ಒಂದು ಗೇಣಿಗೆ ಹತ್ತಿರದಷ್ಟು ಅಗಲದ ಉಬ್ಬಿದ ಮೈಯನ್ನು ಸೆಕೆಂಡಿಗೆ ಐದಾರು ಮೀಟರು ವೇಗದಲ್ಲಿ ತಳ್ಳಿಕೊಂಡು ಹೋಗುವುದಕ್ಕೆ ಸುಮಾರು 20 ಗ್ರಾಮು ತೂಕದ ಬಲವೇ ಬೇಕು. ನೂಕೂ ತಡೆಯೂ ಅಲ್ಲಿಗೆ ಸಮವಾದವು. ಆ ಮೇಲೆ ವೇಗವು ಏರಲಾರದು. ಹೊರಗಿನ ಗಾಳಿಯು ಬೆಲೂನಿಗೆ ಊರುಗೋಲೆಂದು ನಾವು ಭಾವಿಸಿದ್ದೆವು. ಅದು ಕಾಲಿಗೆ ಕಟ್ಟಿದ ಗುಂಡಾಗಿದೆ.

ಒತ್ತಡವು ಹೆಚ್ಚಿದರೆ ಹೊರಡುವ ವೇಗವು ಹೆಚ್ಚುತ್ತದೆಯೆಂಬುದು ಮೇಲಿನ ಲೆಕ್ಕದಿಂದ ತಿಳಿಯಿತು. ಆದರೆ ರಬ್ಬರು ಎಷ್ಟೆಂದು ತಾಳೀತು? ಹೈದರ್ ಅಲಿ ಮತ್ತು ಟೀಪು ಸುಲ್ತಾನರ ಕಾಲದ ಮೈಸೂರಿನ ಬಾಣಗಳ ಹಿರಿಮೆಯು ಈ ಸ್ಥಳದಲ್ಲಿಯೇ ಅಡಗಿದೆ. ಕಾಗದದ ಕೊಳವೆಯು ಮದ್ದಿನ ಹೊಗೆಯ ಒತ್ತಡವನ್ನು ಹೆಚ್ಚಾಗಿ ತಡೆಯಲಾರದೆ ಒಡೆದುಹೋಗುತ್ತದೆ. ಮೈಸೂರಿನವರು ಬಡಿದ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದರು. ಒಳಗೆ ಒತ್ತಡವು ಏರಿತು, ಅನಿಲವು ರಭಸದಿಂದ ಹೊರಬಿತ್ತು, ಬಾಣವು ದೂರ ಹೋಯಿತು. ನಮ್ಮ ಬೆಲೂನಿಗೆ ದಾರವು ಮಾಡಿದ ಕೆಲಸವನ್ನು, ಎಂದರೆ ಅಡ್ಡಾದಿಡ್ಡಿಯಾಗಿ ತಿರುಗದಂತೆ ತಡೆಯುವ ಕೆಲಸವನ್ನು, ಆ ಬಾಣಗಳಿಗೆ ಕಟ್ಟಿದ ಬಿದಿರಿನ ಗಳುವು ಮಾಡುತ್ತಿತ್ತು. 2018ನೆಯ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳು ಬಾವಿಯಿಂದ ಇಂಥ ಕಬ್ಬಿಣದ ಕೊಳವೆಗಳು ಸಾವಿರಕ್ಕೂ ಮಿಕ್ಕಿ ದೊರೆತವು.

ಒತ್ತಡದೊಂದಿಗೆ ಶಾಖವೂ ಸೇರಿದರೆ ಅನಿಲದ ವೇಗವು ಇನ್ನೂ ಏರುತ್ತದೆ. ದ್ರವರೂಪದ ಜಲಜನಕವನ್ನೂ ಆಮ್ಲಜನಕವನ್ನೂ ಕೂಡಿಸಿ ಉರಿಸುವ ಇಂದಿನ ಯಂತ್ರಗಳಲ್ಲಿ ಅದು ಸೆಕೆಂಡಿಗೆ 4 ಕಿಲೋಮೀಟರನ್ನೂ ಮೀರಿದೆ. ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ರಾಕೆಟ್ಟು ತಾನೇ ಹೊತ್ತೊಯ್ಯುವುದರಿಂದ, ಹೊರಗಿನ ಗಾಳಿಯು ಅದಕ್ಕೆ ಉರಿಯಲೂ ಬೇಡ, ಒದೆಯಲೂ ಬೇಡ.

ನಮ್ಮ ಬಾಲಿಕೆಯ ತಪ್ಪು ಮಕ್ಕಳಿಗೆ ಮಾತ್ರ ಸಂಭವಿಸುವುದೆಂದು ಯಾರೂ ನಗಬಾರದು. ಅಮೆರಿಕದ ರಾಬರ್ಟ್ ಗಾಡರ್ಡ್ ಎಂಬ ಭೌತಶಾಸ್ತ್ರದ ಉಪಾಧ್ಯಾಯನು ರಾಕೆಟ್ಟಿನಿಂದ ಚಂದ್ರನವರೆಗೂ ವಸ್ತುವನ್ನು ಕಳುಹಬಹುದೆಂದು ಬರೆದನು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 1920ನೆಯ ಜನವರಿ 13ರ ಸಂಪಾದಕೀಯದಲ್ಲಿ, ಒದೆಯಲು ಏನೂ ಇಲ್ಲದ ಶೂನ್ಯದಲ್ಲಿ ರಾಕೆಟ್ಟು ಹೇಗೆ ಸಾಗೀತು, ಶಾಲೆಯ ಹುಡುಗರಿಗೆ ತಿಳಿದಿರುವುದು ಈತನಿಗೆ ತಿಳಿಯದಲ್ಲ ಎಂಬ ಅರ್ಥದಲ್ಲಿ ಅವನನ್ನು ಹಾಸ್ಯಮಾಡಿತು. ಗಾಡರ್ಡನಾದರೋ ಅದಕ್ಕೆ ಮುಂಚೆಯೇ, ಗಾಳಿಯನ್ನು ಹೊರಕ್ಕೆಳೆದ ಪಾತ್ರೆಯಲ್ಲಿ ಚಿಕ್ಕ ರಾಕೆಟ್ಟುಗಳನ್ನು ಸಿಡಿಸಿ, ಅಲ್ಲಿ ನೂಕುಬಲವು ಕುಗ್ಗುವುದಿಲ್ಲ, ಹೆಚ್ಚುತ್ತದೆ ಎಂಬುದನ್ನು ಅಳೆದು ಪ್ರಕಟಿಸಿದ್ದನು. 1926ನೆಯ ಮಾರ್ಚ್ 16ರಂದು ಅವನ ಮೊದಲನೆಯ ದ್ರವ ಇಂಧನದ ರಾಕೆಟ್ಟು ಎರಡೂವರೆ ಸೆಕೆಂಡು ಹಾರಿತು. ಅವನು 1945ರಲ್ಲಿ ತೀರಿಕೊಂಡನು. ಮನುಷ್ಯರನ್ನು ಹೊತ್ತ ಅಪೊಲೊ 11 ಚಂದ್ರನ ಕಡೆಗೆ ಹೊರಟ ಮರುದಿನ, 1969ನೆಯ ಜುಲೈ 17ರಂದು, ಆ ಪತ್ರಿಕೆಯು ತನ್ನ ತಪ್ಪನ್ನು ತಿದ್ದಿಕೊಂಡಿತು.

ಇದೆಲ್ಲವನ್ನೂ ಕೇಳಿದ ಮೇಲೆ ಆ ಬಾಲಿಕೆಯು, ಹಾಗಾದರೆ ನಮ್ಮ ಬೆಲೂನನ್ನೂ ಗಾಳಿಯಿಲ್ಲದ ಗಾಜಿನ ಪಾತ್ರೆಯಲ್ಲಿಟ್ಟು ಬಿಡೋಣವೆಂದಳು. ಊದಿದ ಬೆಲೂನನ್ನು ಹಾಗೆಯೇ ಇಟ್ಟರೆ, ಹೊರಗಿನ ವಾಯುಭಾರವು ಇಲ್ಲದಂತಾಗುತ್ತಲೇ ಅದು ಉಬ್ಬಿ ಒಡೆಯುವುದು. ಸಪ್ಪಗೆ ಜೋತುಬಿದ್ದಿರುವಷ್ಟು, ಒಂದು ಚಮಚದಷ್ಟು ಗಾಳಿಯನ್ನು ಮಾತ್ರ ಒಳಗೆ ಬಿಟ್ಟು ಬಾಯಿಯನ್ನು ಕಟ್ಟಬೇಕು. ಪಂಪಿನಿಂದ ಗಾಳಿಯನ್ನು ಎಳೆದಂತೆಲ್ಲ ಅದು ತಾನಾಗಿಯೇ ಊದಿಕೊಳ್ಳುತ್ತದೆ. ಆಗ ಕೈಹಾಕದೆ ಅದರ ಬಾಯಿಯನ್ನು ಬಿಚ್ಚುವುದು ಹೇಗೆಂಬುದನ್ನು ಅವಳೂ ಅವಳ ಸಂಗಡಿಗರೂ ಈಗ ಯೋಚಿಸುತ್ತಿದ್ದಾರೆ.