ಎರಡು ಲಕ್ಷದ ಜಾಯಿನಿಂಗ್ ಬೋನಸ್, ಕೈಗೆ 1,25,900

ಆಫರ್ ಲೆಟರ್‌ನಲ್ಲಿ ನಮೂದಾಗುವ ಜಾಯಿನಿಂಗ್ ಬೋನಸ್ ತೆರಿಗೆ ಕಳೆಯುವುದಕ್ಕೆ ಮುಂಚಿನ ಮೊತ್ತ. ಬ್ಯಾಂಕ್ ಖಾತೆಗೆ ಬೀಳುವುದು ತೆರಿಗೆ ಕಳೆದು ಉಳಿದದ್ದು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಹೊಸ ಕಂಪನಿಯ ಮೊದಲ ಪೇಸ್ಲಿಪ್ ತೆರೆದಾಗ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಕಡಿತ ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದಾಗಿರುತ್ತದೆ. ವರ್ಷಕ್ಕೆ ಹನ್ನೊಂದು, ಹನ್ನೆರಡು ಲಕ್ಷ ಸಂಬಳದವರಲ್ಲಿ ಈ ಆಘಾತ ಅತಿ ಹೆಚ್ಚು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮೂರು ನಾಲ್ಕು ವರ್ಷ ಕೆಲಸ ಮಾಡಿ ಕಂಪನಿ ಬದಲಿಸುವ ಎಷ್ಟೋ ಮಂದಿ ಈ ಆಸುಪಾಸಿನಲ್ಲೇ ಇರುತ್ತಾರೆ.

ಬೋನಸ್‌ಗೆಂದೇ ಬೇರೆ ತೆರಿಗೆ ದರ ಭಾರತದಲ್ಲಿಲ್ಲ. ಅಮೆರಿಕದಲ್ಲಿ ಕೆಲಸ ಮಾಡುವ ನೆಂಟರು ‘ಬೋನಸ್‌ನಲ್ಲಿ ನೇರವಾಗಿ ಶೇ 22 ಹಿಡಿದುಕೊಳ್ಳುತ್ತಾರೆ’ ಎಂದು ಹೇಳುವುದು ಅಲ್ಲಿನ ಫೆಡರಲ್ ತೆರಿಗೆ ಕಡಿತದ ಒಂದು ವಿಧಾನ. ಅದನ್ನು ಇಲ್ಲಿಗೆ ಅನ್ವಯಿಸುವಂತಿಲ್ಲ. ಇಲ್ಲಿ ಜಾಯಿನಿಂಗ್ ಬೋನಸ್ ಸಂಬಳದ ಒಂದು ಭಾಗ. ಕೆಲಸಕ್ಕೆ ಸೇರುವ ಮುಂಚೆಯೇ ಕೊಟ್ಟರೂ ಅದು ಉಡುಗೊರೆ ಆಗುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 17(3)ನೇ ಸೆಕ್ಷನ್, ಸೇರುವ ಮುಂಚೆ ಉದ್ಯೋಗದಾತರಿಂದ ಬಂದ ಹಣವನ್ನೂ ಸಂಬಳದ ಲೆಕ್ಕಕ್ಕೇ ಸೇರಿಸಿತ್ತು. ಹಾಗಾಗಿ ಬೋನಸ್ ಆ ಆರ್ಥಿಕ ವರ್ಷದ ಉಳಿದ ಸಂಬಳದ ಮೇಲೆ ಹೋಗಿ ಕೂರುತ್ತದೆ. ತೊಡಕು ಶುರುವಾಗುವುದೂ ಇಲ್ಲಿಂದಲೇ. ಕೆಳಗಿನ ತೆರಿಗೆ ಹಂತಗಳನ್ನೆಲ್ಲ ತಿಂಗಳ ಸಂಬಳ ಆಗಲೇ ತುಂಬಿಬಿಟ್ಟಿರುತ್ತದೆ. ಬೋನಸ್‌ಗೆ ಸಿಗುವುದು ಮೇಲಿನ ಹಂತ ಮಾತ್ರ.

ಒಂದು ಲೆಕ್ಕ ನೋಡೋಣ. ಒಬ್ಬ ಎಂಜಿನಿಯರ್ 2025ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಒಂದು ಕಂಪನಿ ಸೇರಿದ್ದಾಳೆ. ಅವಳ ವಾರ್ಷಿಕ ಸಂಬಳ 11,50,000 ರೂಪಾಯಿ. ಇದು ತೆರಿಗೆಗೆ ಒಳಪಡುವ ಒಟ್ಟು ಸಂಬಳ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿ ಹೇಳುವ ‘ಸಿಟಿಸಿ’ ಅಲ್ಲ. ಜಾಯಿನಿಂಗ್ ಬೋನಸ್ ಎರಡು ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ನೇ ಸಾಲಿಗೆ ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದನ್ನು ಕಳೆದ ಮೇಲೆ ಆದಾಯ 12 ಲಕ್ಷ ದಾಟದಿದ್ದರೆ, ಬರಬೇಕಾದ ತೆರಿಗೆ ಪೂರ್ತಿ ರಿಬೇಟ್ ರೂಪದಲ್ಲಿ ಮನ್ನಾ ಆಗುತ್ತದೆ. ಬೋನಸ್ ಇಲ್ಲದಿದ್ದರೆ ಅವಳ ತೆರಿಗೆಯ ಆದಾಯ 10,75,000. ತೆರಿಗೆ ಸೊನ್ನೆ.

ಬೋನಸ್ ಸೇರಿಸಿದರೆ ಒಟ್ಟು 13,50,000 ಆಗುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 12,75,000. ರಿಬೇಟ್ ಅಲ್ಲಿಗೆ ಕೈತಪ್ಪಿತು. ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆ ಇಲ್ಲ, ನಂತರದ ನಾಲ್ಕು ಲಕ್ಷಕ್ಕೆ ಶೇ 5, ಅದರ ಮೇಲಿನ ನಾಲ್ಕು ಲಕ್ಷಕ್ಕೆ ಶೇ 10. ಅಲ್ಲಿಗೆ 60,000 ಆಯಿತು. ಉಳಿದ 75,000ಕ್ಕೆ ಶೇ 15ರಂತೆ 11,250. ಒಟ್ಟು 71,250, ಅದರ ಮೇಲೆ ಶೇ 4ರ ಸೆಸ್ ಸೇರಿ 74,100 ರೂಪಾಯಿ. ಬೋನಸ್ ಬರದಿದ್ದರೆ ಇದರಲ್ಲಿ ಒಂದು ಪೈಸೆಯನ್ನೂ ಅವಳು ಕಟ್ಟಬೇಕಿರಲಿಲ್ಲ. ಅಂದರೆ ಎರಡು ಲಕ್ಷದಲ್ಲಿ ಅವಳಿಗೆ ನಿಜಕ್ಕೂ ದಕ್ಕಿದ್ದು 1,25,900. ಅವಳು ಮುಟ್ಟಿದ ಅತಿ ಮೇಲಿನ ಹಂತ ಶೇ 15ರದ್ದು, ಆದರೆ ಬೋನಸ್‌ನಿಂದ ಹೋದದ್ದು ಶೇ 37. ಬೋನಸ್ ತನ್ನ ಪಾಲಿನ ತೆರಿಗೆಯನ್ನಷ್ಟೇ ತರಲಿಲ್ಲ, ಮನ್ನಾ ಆಗಬೇಕಿದ್ದ ಸಂಬಳದ ತೆರಿಗೆಯನ್ನೂ ಎಳೆದು ತಂದಿತು.

ಇದೇ ಎಂಜಿನಿಯರ್‌ಗೆ ಎರಡು ಲಕ್ಷದ ಬದಲು ಒಂದೂಕಾಲು ಲಕ್ಷ ಬೋನಸ್ ಕೊಟ್ಟಿದ್ದರೆ? ತೆರಿಗೆಯ ಆದಾಯ ಸರಿಯಾಗಿ 12 ಲಕ್ಷಕ್ಕೆ ನಿಲ್ಲುತ್ತಿತ್ತು, ತೆರಿಗೆ ಇರುತ್ತಿರಲಿಲ್ಲ, ಕೈಗೆ ಪೂರ್ತಿ 1,25,000 ಬರುತ್ತಿತ್ತು. ಎಚ್‌ಆರ್ ಜತೆ ನಾಲ್ಕು ಸಲ ಮಾತಾಡಿ, ಹಟ ಹಿಡಿದು ಹೆಚ್ಚಿಸಿಕೊಂಡ 75,000ದಲ್ಲಿ ಅವಳಿಗೆ ಉಳಿದದ್ದು 900 ರೂಪಾಯಿ! ಕಾನೂನು ಇಲ್ಲಿ ತೀರ ನಿರ್ದಯವಾಗಿಯೇನೂ ಇಲ್ಲ. 12 ಲಕ್ಷದ ಮೇಲೆ ಸ್ವಲ್ಪವೇ ದಾಟಿದವರಿಗೆ, ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಒಂದು ರಿಯಾಯಿತಿ ಇದೆ. ಆದರೆ ಆ ರಿಯಾಯಿತಿ ನಷ್ಟವಾಗದಂತೆ ತಡೆಯುತ್ತದೆ ಅಷ್ಟೇ, ಲಾಭ ಕೊಡುವುದಿಲ್ಲ. ಸುಮಾರು 12,70,000ದವರೆಗಿನ ಆದಾಯದಲ್ಲಿ, 12 ಲಕ್ಷದ ಮೇಲಿನ ಪ್ರತಿ ರೂಪಾಯಿಯೂ ತೆರಿಗೆಗೇ ಹೋಗುತ್ತದೆ, ಸೆಸ್ ಬೇರೆ. ಅದನ್ನು ದಾಟಿದ ಮೇಲೆ ಪರಿಸ್ಥಿತಿ ಸುಧಾರಿಸುತ್ತದೆ. ಮೂರು ಲಕ್ಷ ಬೋನಸ್ ಆಗಿದ್ದರೆ ತೆರಿಗೆ 89,700 ಆಗಿ ಕೈಗೆ 2,10,300 ಬರುತ್ತಿತ್ತು. ಹಳ್ಳ ಇರುವುದು ನಡುವಿನ ಆ ಒಂದು ತುಂಡು ದಾರಿಯಲ್ಲಿ.

ತೆರಿಗೆ ಎಷ್ಟು ಎಂಬುದು ಒಂದು ಪ್ರಶ್ನೆ, ಅದನ್ನು ಯಾವಾಗ ಹಿಡಿಯುತ್ತಾರೆ ಎಂಬುದು ಇನ್ನೊಂದು. ಪೇಸ್ಲಿಪ್ ನೋಡಿ ಹೊಟ್ಟೆ ಉರಿಯುವುದು ಬಹುಪಾಲು ಎರಡನೆಯದರಿಂದ. ಕಂಪನಿಯ ಪೇರೋಲ್ ವಿಭಾಗ ನೌಕರನ ಇಡೀ ವರ್ಷದ ಆದಾಯ ಅಂದಾಜು ಮಾಡಿ, ಅದರ ತೆರಿಗೆಯನ್ನು ತಿಂಗಳುಗಳಿಗೆ ಹಂಚಿ ಟಿಡಿಎಸ್ ಹಿಡಿಯಬೇಕು. ವರ್ಷದೊಳಗೆ ಹೆಚ್ಚು ಕಡಿಮೆ ಮಾಡಿ ಸರಿದೂಗಿಸಲು ಅವಕಾಶವಿದೆ. ಕೆಲವು ಕಂಪನಿಗಳು ಎಂಜಿನಿಯರ್‌ನ 74,100 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಹಂಚಿ ತಿಂಗಳಿಗೆ 6,175ರಂತೆ ಹಿಡಿಯುತ್ತವೆ. ಆಗ ಬೋನಸ್ ಬಹುತೇಕ ಪೂರ್ತಿ ಬಂದಂತೆ ಕಾಣುತ್ತದೆ, ಆದರೆ ವರ್ಷವಿಡೀ ಸಂಬಳ ಕೊಂಚ ತೆಳ್ಳಗಾಗುತ್ತದೆ. ಇನ್ನು ಕೆಲವು ಕಂಪನಿಗಳು ಬೋನಸ್‌ನಿಂದ ಹುಟ್ಟಿದ ತೆರಿಗೆಯನ್ನು ಬೋನಸ್ ಕೊಟ್ಟ ತಿಂಗಳೇ ಪೂರ್ತಿ ಹಿಡಿದುಬಿಡುತ್ತವೆ. ನೌಕರ ನಡುವೆ ಬಿಟ್ಟು ಹೋದರೆ ಬಾಕಿ ಉಳಿಯಬಾರದೆಂಬುದು ಅವರ ಮುಂಜಾಗ್ರತೆ. ವರ್ಷದ ಕೊನೆಗೆ ಎರಡರ ಲೆಕ್ಕವೂ ಒಂದೇ. ತನ್ನ ಕಂಪನಿ ಯಾವ ದಾರಿ ಹಿಡಿದಿದೆ ಎಂದು ತಿಳಿಯಲು ಎರಡು ತಿಂಗಳ ಪೇಸ್ಲಿಪ್ ಅಕ್ಕಪಕ್ಕ ಇಟ್ಟರೆ ಸಾಕು. ಮೊದಲ ತಿಂಗಳು ಟಿಡಿಎಸ್ ಜಿಗಿದು ಮರುತಿಂಗಳು ಇಳಿದಿದ್ದರೆ ಒಮ್ಮೆಲೇ ಹಿಡಿದಿದ್ದಾರೆ ಎಂದರ್ಥ.

ವರ್ಷದ ನಡುವೆ ಕೆಲಸ ಬದಲಿಸಿದವರ ಕತೆ ಬೇರೆ. ಅಲ್ಲಿ ಬೋನಸ್ ಪೂರ್ತಿ ಬರುವುದೇ ಅಪಾಯದ ಸೂಚನೆ. ಒಬ್ಬಾತ ತಿಂಗಳಿಗೆ ಒಂದು ಲಕ್ಷದಂತೆ ಸೆಪ್ಟೆಂಬರ್‌ವರೆಗೆ ಹಳೆಯ ಕಂಪನಿಯಲ್ಲಿದ್ದು, ಅಕ್ಟೋಬರ್‌ನಲ್ಲಿ ಒಂದೂವರೆ ಲಕ್ಷ ಸಂಬಳಕ್ಕೆ ಬೇರೆ ಕಡೆ ಸೇರುತ್ತಾನೆ. ಜಾಯಿನಿಂಗ್ ಬೋನಸ್ ಮೂರು ಲಕ್ಷ. ಹಳೆಯ ಕಂಪನಿ ಅವನ ವರ್ಷದ ಸಂಬಳ 12 ಲಕ್ಷ ಎಂದು ಅಂದಾಜಿಸಿದ್ದರಿಂದ ಟಿಡಿಎಸ್ ಹಿಡಿದಿಲ್ಲ. ಹೊಸ ಕಂಪನಿಗೆ ಕಾಣುವುದು ತಾನು ಕೊಡುವ ಆರು ತಿಂಗಳ ಒಂಬತ್ತು ಲಕ್ಷ ಮತ್ತು ಬೋನಸ್‌ನ ಮೂರು ಲಕ್ಷ. ಅದೂ 12 ಲಕ್ಷವೇ, ಹಾಗಾಗಿ ಅದೂ ಹಿಡಿಯುವುದಿಲ್ಲ. ಇಬ್ಬರೂ ತಮ್ಮ ಲೆಕ್ಕದಲ್ಲಿ ಒಂದೊಂದು ಸ್ಟ್ಯಾಂಡರ್ಡ್ ಡಿಡಕ್ಷನ್, ಒಂದೊಂದು ರಿಬೇಟ್ ಕೊಟ್ಟಾಗಿದೆ. ನಿಜವಾದ ವಾರ್ಷಿಕ ಆದಾಯ 18 ಲಕ್ಷ, ತೆರಿಗೆ 1,50,800. ರಿಟರ್ನ್ ಸಲ್ಲಿಸುವ ಹೊತ್ತಿಗೆ ಇದು ಬಡ್ಡಿಯೊಂದಿಗೆ ಎದುರಾಗುತ್ತದೆ, ಆಗ ಬೋನಸ್ ಹಣ ಖರ್ಚಾಗಿ ಹೋಗಿರುತ್ತದೆ. ಹಳೆಯ ಸಂಬಳದ ವಿವರವನ್ನು ಸೇರಿದ ದಿನವೇ ನಿಗದಿತ ಫಾರಂನಲ್ಲಿ ಕೊಟ್ಟಿದ್ದರೆ ಹೊಸ ಕಂಪನಿ ಇಡೀ ಬಾಕಿಯನ್ನು ಆರು ತಿಂಗಳಲ್ಲಿ ಹಿಡಿಯುತ್ತಿತ್ತು. ಆಗ ಪೇಸ್ಲಿಪ್‌ನ ಕಡಿತ ನೋಡಿ ಅವನು ಬೋನಸ್ಸನ್ನೇ ಶಪಿಸುತ್ತಿದ್ದನೇನೋ. ಆದರೆ ಬೋನಸ್ ಇಲ್ಲದಿದ್ದರೂ 97,500 ಕಟ್ಟಬೇಕಿತ್ತು. ಬೋನಸ್‌ನ ಪಾಲು 53,300 ಮಾತ್ರ. ಇಡೀ ವರ್ಷದ ತೆರಿಗೆಯನ್ನು ಬೋನಸ್ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ ಕಳೆದರಷ್ಟೇ ಬೋನಸ್‌ನ ನಿಜವಾದ ತೆರಿಗೆ ತಿಳಿಯುತ್ತದೆ.

ಮೊದಲಿನ ಎಂಜಿನಿಯರ್‌ಗೆ ದಾರಿಯೇ ಇರಲಿಲ್ಲವೇ ಎಂದರೆ, ಎರಡಿದ್ದವು. ಎರಡೂ ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚಿನವು. ಬೋನಸ್ಸನ್ನು ಎರಡು ಕಂತು ಮಾಡಿಸಿಕೊಳ್ಳುವುದು ಒಂದು: ಸೇರುವಾಗ ಒಂದು ಲಕ್ಷ, ವರ್ಷ ತುಂಬಿದ ಮೇಲೆ ಮುಂದಿನ ಏಪ್ರಿಲ್‌ನಲ್ಲಿ ಒಂದು ಲಕ್ಷ. ಎರಡನೆಯ ವರ್ಷವೂ ಸಂಬಳ ಮತ್ತು ದರಗಳು ಅಷ್ಟೇ ಇದ್ದರೆ ಎರಡೂ ವರ್ಷ ತೆರಿಗೆಯ ಆದಾಯ 11,75,000ಕ್ಕೆ ನಿಂತು, ಎರಡು ಲಕ್ಷವೂ ಇಡಿಯಾಗಿ ಕೈ ಸೇರುತ್ತದೆ. ಆದರೆ ಸಂಬಳಕ್ಕೆ ತೆರಿಗೆ ಬೀಳುವುದು ಹಣ ಕೊಡಬೇಕಾದ ದಿನ ಅಥವಾ ಕೊಟ್ಟ ದಿನ, ಯಾವುದು ಮೊದಲೋ ಅಂದು. ಎರಡನೆಯ ಕಂತು ಯಾವಾಗ ಸಲ್ಲಬೇಕೆಂಬುದು ಪತ್ರದಲ್ಲೇ ಇರಬೇಕು. ಬರಬೇಕಾದ ಹಣವನ್ನು ಆಮೇಲೆ ಕೊಡಿ ಎಂದು ಬಾಯಿ ಮಾತಿನಲ್ಲಿ ಮುಂದೂಡಿದರೆ ಪ್ರಯೋಜನವಿಲ್ಲ.

ಇನ್ನೊಂದು ದಾರಿ ಎನ್‌ಪಿಎಸ್. ಹೊಸ ಪದ್ಧತಿಯಲ್ಲೂ ಉದ್ಯೋಗದಾತರು ನೌಕರರ ಎನ್‌ಪಿಎಸ್ ಖಾತೆಗೆ ಮೂಲ ವೇತನದ ಶೇ 14ರವರೆಗೆ ಕಟ್ಟಿದರೆ ಆ ಮೊತ್ತಕ್ಕೆ ವಿನಾಯಿತಿ ಇದೆ. ಎಂಜಿನಿಯರ್‌ನ ಮೂಲ ವೇತನ ವರ್ಷಕ್ಕೆ 5,75,000 ಇದ್ದರೆ ಮಿತಿ 80,500. ಅವಳ ಸಂಬಳದಲ್ಲೇ 75,000 ರೂಪಾಯಿಯನ್ನು ಈ ದಾರಿಗೆ ತಿರುಗಿಸಿದರೆ ತೆರಿಗೆಯ ಆದಾಯ 12 ಲಕ್ಷಕ್ಕೆ ಇಳಿದು 74,100 ಪೂರ್ತಿ ಉಳಿಯುತ್ತದೆ. ಹಣ ನಿವೃತ್ತಿಯವರೆಗೆ ಬಹುತೇಕ ಬೀಗ ಬಿದ್ದಂತೆ, ನಿಜ. ಆದರೆ ತೆರಿಗೆಗೆ ಹೋಗಲಿದ್ದಷ್ಟೇ ಹಣ ಅವಳ ಹೆಸರಿನಲ್ಲೇ ಉಳಿಯುತ್ತದೆ. ಕಂಪನಿ ಈ ಸೌಲಭ್ಯ ಕೊಡುತ್ತದೆಯೇ ಎಂದು ಕೇಳದೆ ಬಿಡುವುದು ದೊಡ್ಡ ತಪ್ಪು. ತಾನಾಗಿ ಸ್ವಂತ ಖಾತೆಗೆ ಕಟ್ಟಿಕೊಂಡರೆ ಹೊಸ ಪದ್ಧತಿಯಲ್ಲಿ ಈ ಲಾಭ ಇಲ್ಲ.

ಆಫರ್ ಲೆಟರ್‌ನ ಇನ್ನೊಂದು ಸಾಲು ಹೆಚ್ಚು ನೋವು ಕೊಡಬಲ್ಲದು. ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಬೋನಸ್ ವಾಪಸ್ ಕೊಡಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ವಾಪಸ್ ಎಂದರೆ ಬಹುತೇಕ ಕಂಪನಿಗಳ ಲೆಕ್ಕದಲ್ಲಿ ಎರಡು ಲಕ್ಷ, ಕೈಗೆ ಬಂದ 1,25,900 ಅಲ್ಲ. ಅದೇ ಆರ್ಥಿಕ ವರ್ಷದಲ್ಲಿ ಬಿಟ್ಟರೆ ಕೊನೆಯ ಲೆಕ್ಕದಲ್ಲಿ ಆದಾಯವನ್ನೂ ಟಿಡಿಎಸ್ಸನ್ನೂ ಕಂಪನಿ ಸರಿಪಡಿಸಲು ಅವಕಾಶವಿರುತ್ತದೆ. ಮಾರ್ಚ್ 31 ದಾಟಿದ ಮೇಲೆ ಬಿಟ್ಟರೆ ತೆರಿಗೆ ಆಗಲೇ ಸರ್ಕಾರಕ್ಕೆ ಸಂದಾಯವಾಗಿ, ಆ ವರ್ಷದ ಟಿಡಿಎಸ್ ಪ್ರಮಾಣಪತ್ರದಲ್ಲಿ ಬೋನಸ್ ಆದಾಯವೆಂದು ದಾಖಲಾಗಿರುತ್ತದೆ. ಮರುವರ್ಷ ಹಿಂದಿರುಗಿಸಿದ ಹಣಕ್ಕೆ ಹಳೆಯ ತೆರಿಗೆ ಮರಳಿ ಪಡೆಯಲು ಸುಲಭದ ದಾರಿಯಿಲ್ಲ. ಸಹಿಗೆ ಮುಂಚೆ ಆ ಷರತ್ತಿನಲ್ಲಿ ‘ತೆರಿಗೆ ಕಳೆದು ಬಂದ ಮೊತ್ತ’ ಎಂದು ಬರೆಸಿಕೊಳ್ಳಲು, ಇಲ್ಲವೇ ಕೆಲಸ ಮಾಡಿದ ತಿಂಗಳುಗಳಿಗೆ ತಕ್ಕಂತೆ ವಾಪಸಿನ ಮೊತ್ತ ಇಳಿಯುವಂತೆ ಮಾಡಿಸಿಕೊಳ್ಳಲು ಸಾಧ್ಯ. ಎಚ್‌ಆರ್‌ನವರು ಕೆಲವೊಮ್ಮೆ ಒಪ್ಪುತ್ತಾರೆ, ಒಪ್ಪದಿದ್ದರೆ ಕೊನೆಗೆ ಬಿಡುವ ದಿನವನ್ನಾದರೂ ಮಾರ್ಚ್ 31ರ ಒಳಗೆ ಇಟ್ಟುಕೊಳ್ಳಬಹುದು.